ಹಳೆಯ ಟೇಪಿನ ಫಿಲ್ಮ್ ಫ್ರೇಮುಗಳನ್ನು ಮತ್ತೆ ಜೋಡಿಸುವುದು

ಪ್ರಶ್ನೆ: ತೊಂಬತ್ತರ ದಶಕದಲ್ಲಿ ಅಮೆರಿಕದ ಟಿವಿಯಿಂದ ವಿಎಚ್‌ಎಸ್ ಟೇಪಿಗೆ ರೆಕಾರ್ಡ್ ಮಾಡಿದ ಒಂದು ಧಾರಾವಾಹಿ ನನ್ನ ಹತ್ತಿರ ಇದೆ. ಅದನ್ನು ಫಿಲ್ಮಿನಲ್ಲೇ ಶೂಟ್ ಮಾಡಿದ್ದರಂತೆ. ಕ್ಯಾಪ್ಚರ್ ಮಾಡಿ, ಡಿಇಂಟರ್‌ಲೇಸ್ ಮಾಡಿದೆ. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗೆಲ್ಲ ಚಿತ್ರ ತಡವರಿಸುತ್ತದೆ. ಐದಕ್ಕೊಂದು ಫ್ರೇಮ್ ರಿಪೀಟ್ ಆಗ್ತಿದೆ ಅಂತ ಗೊತ್ತಾಗಿ, ಪ್ರತಿ ಐದನೆಯದನ್ನು ತೆಗೆದು ಹಾಕಿದೆ. ಕೆಲವು ಶಾಟ್ ಸರಿಯಾಯಿತು, ಕೆಲವು ಇನ್ನೂ ಕೆಟ್ಟವು. ಗ್ರೇನ್, ಬಣ್ಣ ಸರಿ ಮಾಡುವ ಮೊದಲು ಇದನ್ನು ಹೇಗೆ ಬಿಡಿಸಬೇಕು?

ಉತ್ತರ:

ಮೊದಲು ಒಂದು ಮಾತು. ಡಿಇಂಟರ್‌ಲೇಸ್ ಮಾಡಿದ ಫೈಲನ್ನು ಪಕ್ಕಕ್ಕಿಡಿ, ಅದರಿಂದ ಮುಂದೆ ಹೋಗೋಕೆ ಆಗಲ್ಲ. ಟೇಪಿನಿಂದ ಬಂದ ಮೂಲ ಕ್ಯಾಪ್ಚರ್, ಅಂದರೆ ಚಲನೆ ಇದ್ದಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆಗೆರೆ ಕಾಣುವ ಆ "ಕೆಟ್ಟ" ಫೈಲ್ ಇನ್ನೂ ಇದ್ದರೆ ಅದನ್ನೇ ತೆರೆಯಿರಿ. ಇಲ್ಲದಿದ್ದರೆ ಟೇಪನ್ನು ಮತ್ತೊಮ್ಮೆ ಕ್ಯಾಪ್ಚರ್ ಮಾಡಿ. ಆ ಗೆರೆಗಳ ಒಳಗೆ ಫಿಲ್ಮಿನ ಪ್ರತಿ ಫ್ರೇಮೂ ಪೂರ್ತಿಯಾಗಿ ಕೂತಿದೆ. ಅದರ ಅರ್ಧರ್ಧ ಬೇರೆ ಬೇರೆ ಜಾಗದಲ್ಲಿದೆ ಅಷ್ಟೇ. ಡಿಇಂಟರ್‌ಲೇಸರ್‌ಗೆ ಅದು ಗೊತ್ತಿಲ್ಲ. ಅದು ಅರ್ಧವನ್ನು ಎಸೆದು, ಖಾಲಿ ಸಾಲುಗಳನ್ನು ಊಹೆಯಿಂದ ತುಂಬುತ್ತದೆ. ನಾವು ಊಹಿಸಬೇಕಾಗಿಲ್ಲ, ಇರುವುದನ್ನೇ ಹುಡುಕಿ ಜೋಡಿಸಬಹುದು.

ಹೇಗೆ ಹಂಚಿಹೋಗಿದೆ ಅಂತ ನೋಡೋಣ, ಇದು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಫಿಲ್ಮು ಸೆಕೆಂಡಿಗೆ 24 ಫ್ರೇಮ್. ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಬೇಕಾದದ್ದು ಸೆಕೆಂಡಿಗೆ 59.94 ಫೀಲ್ಡ್. ಫೀಲ್ಡ್ ಅಂದರೆ ಒಂದು ಸಾಲು ಬಿಟ್ಟು ಒಂದು ಸಾಲು ಇರುವ ಅರ್ಧ ಚಿತ್ರ. "ಮೇಲಿನ ಫೀಲ್ಡ್", "ಕೆಳಗಿನ ಫೀಲ್ಡ್" ಅಂತಾರೆ, ಆದರೆ ಪರದೆಯ ಮೇಲರ್ಧ ಕೆಳಗರ್ಧ ಅಂತ ಅಲ್ಲ, ಒಂದರಲ್ಲಿ ಬೆಸ ಸಾಲುಗಳು, ಇನ್ನೊಂದರಲ್ಲಿ ಸಮ ಸಾಲುಗಳು. ಫಿಲ್ಮನ್ನು ವಿಡಿಯೋಗೆ ಇಳಿಸುವ ಟೆಲಿಸಿನೆ ಯಂತ್ರ ಅದನ್ನು ಕೂದಲೆಳೆಯಷ್ಟು ನಿಧಾನ ಮಾಡಿ 23.976ಕ್ಕೆ ಇಳಿಸಿ, ಒಂದು ಫ್ರೇಮಿಗೆ ಎರಡು ಫೀಲ್ಡ್, ಮುಂದಿನದಕ್ಕೆ ಮೂರು, ಮತ್ತೆ ಎರಡು, ಮತ್ತೆ ಮೂರು ಅಂತ ಹಂಚುತ್ತಿತ್ತು. ನಾಲ್ಕು ಫಿಲ್ಮ್ ಫ್ರೇಮಿಗೆ ಹತ್ತು ಫೀಲ್ಡ್, ಅಂದರೆ ಐದು ವಿಡಿಯೋ ಫ್ರೇಮ್. ನಾನು ಇದನ್ನು ತಾಳ ಅಂತಲೇ ಕರೆಯುತ್ತೇನೆ, ಎರಡು-ಮೂರು, ಎರಡು-ಮೂರು.

ನಾಲ್ಕು ಫಿಲ್ಮ್ ಫ್ರೇಮುಗಳಿಗೆ ಕ, ಖ, ಗ, ಘ ಅಂತ ಹೆಸರಿಡಿ. ಟೇಪಿನಲ್ಲಿ ಅವು ಕೂತಿರುವುದು ಹೀಗೆ:

```
ವಿಡಿಯೋ ಫ್ರೇಮ್    1   2   3   4   5
ಮೇಲಿನ ಫೀಲ್ಡ್     ಕ   ಖ   ಖ   ಗ   ಘ
ಕೆಳಗಿನ ಫೀಲ್ಡ್     ಕ   ಖ   ಗ   ಘ   ಘ
```

ಒಂದು, ಎರಡು, ಐದನೆಯ ಫ್ರೇಮುಗಳು ಶುದ್ಧ. ಮೂರು ಮತ್ತು ನಾಲ್ಕರಲ್ಲಿ ಎರಡು ಬೇರೆ ಕ್ಷಣಗಳು ಹೆಣೆದುಕೊಂಡಿವೆ, ಹಲ್ಲು ಕಾಣುವುದು ಅಲ್ಲೇ. ಈಗ "ಗ"ವನ್ನು ಹುಡುಕಿ. ಅದು ಯಾವ ಒಂದು ವಿಡಿಯೋ ಫ್ರೇಮಿನಲ್ಲೂ ಪೂರ್ತಿಯಾಗಿ ಇಲ್ಲ. ಅದರ ಕೆಳಗಿನ ಫೀಲ್ಡ್ ಮೂರರಲ್ಲಿದೆ, ಮೇಲಿನದು ನಾಲ್ಕರಲ್ಲಿದೆ. ನೀವು ಡಿಇಂಟರ್‌ಲೇಸ್ ಮಾಡಿದಾಗ ಗ-ದ ಅರ್ಧ ಹೋಯಿತು, ಜೊತೆಗೆ ಮೇಲಿನ ಫೀಲ್ಡಿನ ಸಾಲನ್ನು ಓದಿ ನೋಡಿ: ಕ, ಖ, ಖ, ಗ, ಘ. ನಿಮ್ಮ ತಡವರಿಕೆ ಬಂದದ್ದು ಆ ಎರಡು ಖ-ಗಳಿಂದ. ಐದಕ್ಕೊಂದು ತೆಗೆದದ್ದರಿಂದ ಚಲನೆ ಸರಿಹೋಗಬಹುದು, ಹೋದ ಸಾಲುಗಳು ವಾಪಸ್ ಬರಲ್ಲ. ಅದಕ್ಕೇ ಮೂಲ ಫೈಲು ಬೇಕು ಅಂದದ್ದು.

ಸಾಫ್ಟ್‌ವೇರಿಗೆ ಕೈ ಹಾಕುವ ಮೊದಲು ಕಣ್ಣಿನಿಂದ ತಾಳವನ್ನು ಓದಿ. ಇದಕ್ಕೆ ಹತ್ತು ನಿಮಿಷ ಸಾಕು, ಆದರೆ ಜಾಸ್ತಿ ಜನ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಎರಡು ದಿನ ಕಳೆದುಕೊಳ್ಳುತ್ತಾರೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ಒಂದು ಶಾಟ್ ಆರಿಸಿ, ಅದರಲ್ಲಿ ಕಂಬವೋ ಬಾಗಿಲ ಚೌಕಟ್ಟೋ ಇದ್ದರೆ ಒಳ್ಳೆಯದು. ಸ್ಕ್ರಿಪ್ಟ್ ಬರೆದು ವಿಡಿಯೋ ಸಂಸ್ಕರಿಸುವ ವೇಪರ್‌ಸಿಂತ್ ಅನ್ನುವ ಸಾಫ್ಟ್‌ವೇರಿನಲ್ಲಿ ಫೀಲ್ಡುಗಳನ್ನು ಬಿಡಿಸಿ ಒಂದೊಂದಾಗಿ ಮುಂದಕ್ಕೆ ಒತ್ತುತ್ತಾ ಹೋಗಿ:

```
import vapoursynth as vs
core = vs.core
src = core.ffms2.Source("tape.mkv")
src = core.std.RemoveFrameProps(src, props=["_FieldBased"])
core.std.SeparateFields(src, tff=True).set_output()
```

ಚಿತ್ರ ಚಪ್ಪಟೆಯಾಗಿ ಕಾಣುತ್ತದೆ, ಒಂದೊಂದು ಒತ್ತಿಗೂ ಒಂದು ಸಾಲಿನಷ್ಟು ಮೇಲೆ ಕೆಳಗೆ ಕುಪ್ಪಳಿಸುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಂಬ ಪಕ್ಕಕ್ಕೆ ಯಾವಾಗ ಸರಿಯುತ್ತದೆ ಅಂತ ಮಾತ್ರ ನೋಡಿ. ಎರಡು ಫೀಲ್ಡ್ ನಿಂತು ಸರಿಯಿತು, ಮೂರು ನಿಂತು ಸರಿಯಿತು, ಮತ್ತೆ ಎರಡು, ಮತ್ತೆ ಮೂರು. ಹಾಗೆ ಕಂಡರೆ ಫಿಲ್ಮ್, ತಾಳ ಸರಿ ಇದೆ. ಕಂಬ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದರೆ ಫೀಲ್ಡುಗಳ ಕ್ರಮ ತಪ್ಪಾಗಿದೆ, `tff=False` ಮಾಡಿ ಮತ್ತೆ ನೋಡಿ. ಡಿವಿ ಮೂಲಕ ಬಂದ ಕ್ಯಾಪ್ಚರುಗಳಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಫೈಲಿನ ಹಣೆಬರಹದಲ್ಲಿ ಬರೆದಿರುವ ಕ್ರಮವನ್ನು ನಂಬಬೇಡಿ, ಕಂಬವನ್ನು ನಂಬಿ. ಸ್ಕ್ರಿಪ್ಟಿನಲ್ಲಿ `_FieldBased` ಅಳಿಸಿರುವುದು ಅದಕ್ಕೇ, ಅದು ಉಳಿದಿದ್ದರೆ ನೀವು ಕೊಟ್ಟ ಕ್ರಮವನ್ನು ಬಿಟ್ಟು ಅದನ್ನೇ ಪಾಲಿಸುತ್ತದೆ.

ಪ್ರತಿ ಫೀಲ್ಡಿಗೂ ಕಂಬ ಸರಿಯುತ್ತಿದ್ದರೆ ಆ ಭಾಗ ವಿಡಿಯೋ ಕ್ಯಾಮೆರಾದಲ್ಲಿ ತೆಗೆದದ್ದು, ಅಲ್ಲಿ ಬಿಡಿಸಲು ಏನೂ ಇಲ್ಲ. ಒಂದೇ ಫೀಲ್ಡಿನಲ್ಲಿ ಕಂಬ ಎರಡಾಗಿ, ನೆರಳಿನ ಹಾಗೆ ಕಂಡರೆ ಅದು ಇನ್ನೊಂದು ಸ್ಟ್ಯಾಂಡರ್ಡಿನಿಂದ ಪರಿವರ್ತನೆಯಾಗಿ ಬಂದದ್ದು. ಅಲ್ಲಿ ಫ್ರೇಮುಗಳು ಪಕ್ಕಪಕ್ಕ ಕೂತಿಲ್ಲ, ಒಂದರೊಳಗೊಂದು ಬೆರೆತಿವೆ. ಈ ವಿಧಾನ ಅದಕ್ಕೆ ಹೊಂದುವುದಿಲ್ಲ. ಹಾಗೆಯೇ ಭಾರತ, ಯುರೋಪಿನ ಟಿವಿ ಪದ್ಧತಿಯಾಗಿದ್ದ ಪಾಲ್‌ನ ಟೇಪುಗಳಲ್ಲಿ ಫಿಲ್ಮನ್ನು ಸಾಮಾನ್ಯವಾಗಿ 25ಕ್ಕೆ ವೇಗ ಮಾಡಿ ಓಡಿಸುತ್ತಿದ್ದರು, ಅಲ್ಲಿ ರಿಪೀಟ್ ಫೀಲ್ಡೇ ಇರುವುದಿಲ್ಲ, ಹಾಗಾಗಿ ಫ್ರೇಮ್ ಕಿತ್ತು ಹಾಕುವ ಕೆಲಸವೂ ಇಲ್ಲ.

ಈಗ ಜೋಡಿಸುವ ಕೆಲಸ. ಇದರಲ್ಲಿ ಎರಡು ಹಂತ ಇದೆ, ಎರಡನ್ನೂ ಬೇರೆ ಬೇರೆಯಾಗಿಯೇ ಯೋಚಿಸಿ. ಮೊದಲನೆಯದು ಫೀಲ್ಡ್ ಜೋಡಿ ಹುಡುಕುವುದು. ಫಿಲ್ಟರ್ ಈಗಿನ ಫ್ರೇಮಿನ ಮೇಲಿನ ಫೀಲ್ಡನ್ನು ಹಿಡಿದುಕೊಂಡು, ಇದಕ್ಕೆ ಸರಿಯಾದ ಕೆಳಗಿನ ಫೀಲ್ಡ್ ಈ ಫ್ರೇಮಿನಲ್ಲೇ ಇದೆಯಾ, ಹಿಂದಿನದರಲ್ಲಿ ಇದೆಯಾ ಅಂತ ಹಚ್ಚಿ ನೋಡುತ್ತದೆ. ಹಲ್ಲು ಕಡಿಮೆ ಕಂಡದ್ದನ್ನು ಆರಿಸುತ್ತದೆ. ಇದೇ ಫ್ರೇಮಿನದಾದರೆ `c`, ಹಿಂದಿನದಾದರೆ `p` ಅಂತ ಗುರುತು ಹಾಕುತ್ತದೆ. ಮೇಲಿನ ಪಟ್ಟಿಗೆ ಹಚ್ಚಿ ನೋಡಿ: c, c, p, p, c. ಮೂರನೆಯದರಲ್ಲಿ ಮೇಲಿನ ಖ-ಗೆ ಎರಡನೆಯದರ ಕೆಳಗಿನ ಖ ಸಿಕ್ಕಿತು. ನಾಲ್ಕನೆಯದರಲ್ಲಿ ಮೇಲಿನ ಗ-ಗೆ ಮೂರನೆಯದರ ಕೆಳಗಿನ ಗ ಸಿಕ್ಕಿತು. ಹೊರಗೆ ಬಂದದ್ದು ಕ, ಖ, ಖ, ಗ, ಘ, ಐದೂ ಪೂರ್ತಿ ಫ್ರೇಮುಗಳು, ಒಂದೂ ಊಹೆಯದಲ್ಲ. ಎರಡನೆಯ ಹಂತ ಆ ಎರಡು ಖ-ಗಳಲ್ಲಿ ಒಂದನ್ನು ತೆಗೆಯುವುದು. ಐದಕ್ಕೆ ನಾಲ್ಕು ಉಳಿಯಿತು, 29.97 ಹೋಗಿ 23.976 ಆಯಿತು.

ನೀವು ಸುಮ್ನೆ ಪ್ರತಿ ಐದನೆಯದನ್ನು ತೆಗೆದಾಗ ಕೆಲವು ಶಾಟ್ ಯಾಕೆ ಕೆಟ್ಟಿತು ಅಂತ ಈಗ ಗೊತ್ತಾಯಿತು ಅಲ್ವಾ? ಎರಡನೆಯ ಖ ಯಾವಾಗಲೂ ಒಂದೇ ಸ್ಥಾನದಲ್ಲಿ ಬರುವುದಿಲ್ಲ. ಆ ಕಾಲದ ಎಷ್ಟೋ ಧಾರಾವಾಹಿಗಳಲ್ಲಿ ಶೂಟಿಂಗ್ ಫಿಲ್ಮಿನಲ್ಲಿ, ಎಡಿಟಿಂಗ್ ವಿಡಿಯೋ ಟೇಪಿನಲ್ಲಿ. ಅಂದರೆ ಟೆಲಿಸಿನೆ ಆದ ಮೇಲೆ ಕತ್ತರಿ ಬಿದ್ದಿದೆ. ಕತ್ತರಿಗೆ ತಾಳದ ಹಂಗಿಲ್ಲ. ಒಂದು ಶಾಟ್ ಖ-ದಲ್ಲಿ ಮುಗಿದು ಇನ್ನೊಂದು ಘ-ದಿಂದ ಶುರುವಾಗಬಹುದು. ಹೀಗೆ ಎಡಿಟ್ ಆದ ಕಂತಿನಲ್ಲಿ ಪ್ರತಿ ಕಟ್ಟಿಗೂ ತಾಳ ಹೊಸದಾಗಿ ಶುರುವಾಗುತ್ತದೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಕತ್ತರಿಯೆಲ್ಲ ಫಿಲ್ಮಿನಲ್ಲೇ ಬಿದ್ದು, ಪೂರ್ತಿ ಕಂತು ಒಂದೇ ಓಟದಲ್ಲಿ ಟೆಲಿಸಿನೆ ಆಗಿದ್ದರೆ ಕೆಲಸ ತುಂಬಾ ಸುಲಭ. ನಿಮ್ಮದು ಹಾಗಿಲ್ಲ ಅಂತ ನಿಮ್ಮ ಪ್ರಶ್ನೆಯೇ ಹೇಳುತ್ತಿದೆ.

ಇನ್ನು ವಿಎಚ್‌ಎಸ್‌ನ ತೊಂದರೆ. ಪುಸ್ತಕದ ಲೆಕ್ಕದಲ್ಲಿ ಎರಡು ಖ-ಗಳು ಒಂದೇ. ಟೇಪಿನಲ್ಲಿ ಹಾಗಲ್ಲ. ಅದೇ ಫೀಲ್ಡ್ ಎರಡು ಸಲ ಪ್ರಸಾರವಾಗಿ ಎರಡು ಸಲ ಟೇಪಿನ ಮೇಲೆ ಬಿದ್ದಿದೆ, ಪ್ರತಿ ಸಲವೂ ನಾಯ್ಸ್ ಬೇರೆ. ಅದರ ಮೇಲೆ ಇನ್ನೊಂದಿದೆ. ಎನ್‌ಟಿಎಸ್‌ಸಿಯಲ್ಲಿ ಬಣ್ಣವನ್ನು ಹೊರುವ ಅಲೆ ಪ್ರತಿ ಫ್ರೇಮಿಗೂ ತಲೆಕೆಳಗಾಗುತ್ತದೆ. ಹಾಗಾಗಿ ಗಾಢ ಬಣ್ಣದ ಅಂಚಿನಲ್ಲಿ ಚುಕ್ಕಿಗಳು ಹರಿಯುವುದನ್ನು ನೀವು ನೋಡಿದ್ದರೆ, ಆ ಚುಕ್ಕಿಗಳು ಮೊದಲ ಖ-ದಲ್ಲಿ ಎಲ್ಲಿ ಬೆಳಕೋ ಎರಡನೆಯ ಖ-ದಲ್ಲಿ ಅಲ್ಲೇ ಕತ್ತಲು. ಕಂಪ್ಯೂಟರು ಎರಡನ್ನೂ ಕಳೆದು ನೋಡಿ "ಇವು ಬೇರೆ ಬೇರೆ" ಅನ್ನುತ್ತದೆ.

ಆದರೂ ಒಂದು ಸುಳಿವು ಉಳಿದಿದೆ, ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ವಿಷಯ ಇದು. ಜೋಡಿಸಿದ ಮೇಲೆ ಎರಡನೆಯ ಖ-ದ ಕೆಳಗಿನ ಫೀಲ್ಡ್ ಎಲ್ಲಿಂದ ಬಂತು? ಎರಡನೆಯ ವಿಡಿಯೋ ಫ್ರೇಮಿನಿಂದ. ಮೊದಲ ಖ-ದ ಕೆಳಗಿನ ಫೀಲ್ಡ್ ಬಂದದ್ದೂ ಅಲ್ಲಿಂದಲೇ. ಅಂದರೆ ಎರಡೂ ಖ-ಗಳ ಅರ್ಧ ಸಾಲುಗಳು ನಾಯ್ಸ್ ಸಮೇತ, ಬಿಟ್ಟಿಗೆ ಬಿಟ್ಟು ಒಂದೇ. ಬೇರೆ ಯಾವ ಎರಡು ಫ್ರೇಮುಗಳ ನಡುವೆಯೂ ಹೀಗಿರಲ್ಲ, ಇಡೀ ಚಿತ್ರ ಕಲ್ಲಿನ ಹಾಗೆ ನಿಂತಿದ್ದರೂ ಎರಡೂ ಫೀಲ್ಡಿನ ನಾಯ್ಸ್ ಬೇರೆ ಇರುತ್ತದೆ. ಅದಕ್ಕೇ ಏನೂ ಅಲುಗದ ಶಾಟಿನಲ್ಲೂ ಖ-ವನ್ನು ಹಿಡಿಯಬಹುದು. ನೀವು ಮಧ್ಯದಲ್ಲಿ ನಾಯ್ಸ್ ತೆಗೆಯುವ ಫಿಲ್ಟರ್ ಓಡಿಸಿದರೆ ಈ ಸುಳಿವು ಅಳಿಸಿಹೋಗುತ್ತದೆ. ನಾನು ಶುರುವಿನಲ್ಲಿ ಇದೇ ತಪ್ಪು ಮಾಡಿದ್ದೆ. ಗ್ರೇನ್ ಜಾಸ್ತಿ ಇದೆ, ಮೊದಲು ಸ್ವಲ್ಪ ಶುಚಿ ಮಾಡಿಕೊಂಡರೆ ಜೋಡಿಸುವುದು ಸುಲಭವಾಗಬಹುದು ಅಂದುಕೊಂಡು, ಹಿಂದಿನ ಮುಂದಿನ ಫ್ರೇಮುಗಳನ್ನು ಬೆರೆಸಿ ನಾಯ್ಸ್ ತೆಗೆಯುವ ಫಿಲ್ಟರನ್ನು ಮೂಲದ ಮೇಲೇ ಓಡಿಸಿದೆ. ಗ-ದ ಮೇಲೆ ಖ-ದ ನೆರಳು, ಘ-ದ ಮೇಲೆ ಗ-ದ ನೆರಳು. ಯಾವ ಜೋಡಿಯೂ ಶುದ್ಧವಾಗಿ ಕೂರಲಿಲ್ಲ. ಒಂದು ಪೂರ್ತಿ ಕಂತನ್ನು ಮೊದಲಿನಿಂದ ಮಾಡಬೇಕಾಯಿತು.

ದಾರಿ ಏನೆಂದರೆ, ಲೆಕ್ಕ ಹಾಕುವುದಕ್ಕೆ ಒಂದು ಪ್ರತಿ, ಚಿತ್ರಕ್ಕೆ ಇನ್ನೊಂದು ಪ್ರತಿ. ಮಸುಕು ಮಾಡಿದ ಪ್ರತಿಯ ಮೇಲೆ ಫಿಲ್ಟರ್ ತೀರ್ಮಾನ ತೆಗೆದುಕೊಳ್ಳಲಿ, ಆ ತೀರ್ಮಾನದಂತೆ ಫೀಲ್ಡುಗಳನ್ನು ಮುಟ್ಟದ ಮೂಲದಿಂದ ಎತ್ತಿಕೊಳ್ಳಲಿ. `clip2` ಇರುವುದು ಇದಕ್ಕೇ. ಕೆಳಗಿನದರಲ್ಲಿ `VFM` ಜೋಡಿ ಹುಡುಕುವ ಮೊದಲ ಹಂತ, `VDecimate` ರಿಪೀಟು ತೆಗೆಯುವ ಎರಡನೆಯ ಹಂತ.

```
soft = core.std.BoxBlur(src, hradius=2, vradius=0)
m    = core.vivtc.VFM(soft, order=1, clip2=src)
ms   = core.std.BoxBlur(m, hradius=2, vradius=2)
out  = core.vivtc.VDecimate(ms, cycle=5, clip2=m)
out.set_output()
```

ಮೊದಲ ಮಸುಕಿನಲ್ಲಿ `vradius=0` ಇರುವುದನ್ನು ಗಮನಿಸಿ. ಮಸುಕು ಅಡ್ಡಕ್ಕೆ ಮಾತ್ರ. ಹಲ್ಲು ಇರುವುದು ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ, ಉದ್ದಕ್ಕೆ ಮಸುಕು ಮಾಡಿದರೆ ಹಲ್ಲೇ ಮಾಯ, ಆಮೇಲೆ ಫಿಲ್ಟರ್ ಏನನ್ನು ನೋಡಿ ಜೋಡಿ ಹುಡುಕಬೇಕು? ಎರಡನೆಯ ಹಂತಕ್ಕೆ ಬರುವಾಗ ಫ್ರೇಮುಗಳು ಪೂರ್ತಿಯಾಗಿವೆ, ಆದ್ದರಿಂದ ಎರಡೂ ಕಡೆ ಮಸುಕು ಮಾಡಿದರೆ ತೊಂದರೆ ಇಲ್ಲ, ಹರಿಯುವ ಚುಕ್ಕಿಗಳು ಅಡಗಿ ಖ-ಗಳು ಹತ್ತಿರ ಬರುತ್ತವೆ. `order=1` ಅಂದರೆ ಮೇಲಿನ ಫೀಲ್ಡ್ ಮೊದಲು, ನೀವು ಕಂಬ ನೋಡಿ ಕಂಡುಕೊಂಡ ಕ್ರಮ ಬೇರೆಯಾಗಿದ್ದರೆ `0` ಹಾಕಿ. ಆಗ ಅಕ್ಷರಗಳ ಸಾಲು ಬೇರೆ ಜಾಗದಿಂದ ಶುರುವಾಗಬಹುದು, ಐದರ ಆವರ್ತ ಮಾತ್ರ ಅದೇ. ಕ್ಯಾಪ್ಚರ್ 10 ಬಿಟ್ಟಿನದಾದರೆ `VFM` ಅದನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, `soft` ಪ್ರತಿಯನ್ನು ಮಾತ್ರ 8 ಬಿಟ್ಟಿಗೆ ಇಳಿಸಿ, ಮೂಲವನ್ನು `clip2`ನಲ್ಲಿ ಹಾಗೇ ಬಿಡಿ.

ಇದನ್ನು ಓಡಿಸಿದರೆ ಶಾಟುಗಳ ಒಳಭಾಗ ಬಹುಮಟ್ಟಿಗೆ ಸರಿಯಾಗುತ್ತದೆ. ಕೈಕೆಲಸ ಉಳಿಯುವುದು ಕಟ್ಟುಗಳ ಹತ್ತಿರ. ಒಂದು ಉದಾಹರಣೆಯನ್ನು ಸಂಖ್ಯೆ ಸಮೇತ ನೋಡೋಣ.

`VDecimate` ಫ್ರೇಮುಗಳನ್ನು ಐದೈದರ ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಂದನ್ನು ತೆಗೆಯುತ್ತದೆ. ಒಂದನ್ನೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. 410ರಿಂದ 414ರ ಗುಂಪು ತಗೊಳ್ಳಿ. ಹಳೆಯ ಶಾಟು 412ರಲ್ಲಿ ಮುಗಿಯುತ್ತದೆ, ಅದರ ಎರಡನೆಯ ಖ ಆ 412ನೆಯದೇ. ಹೊಸ ಶಾಟು 413ರಿಂದ, ಅದು ಶುದ್ಧ ಖ-ದಿಂದ ಶುರುವಾಗಿದೆ, ಹಾಗಾಗಿ ಅದರ ಎರಡನೆಯ ಖ 414. ಒಂದೇ ಗುಂಪಿನಲ್ಲಿ ಎರಡು ರಿಪೀಟು. ಫಿಲ್ಟರ್ ಒಂದನ್ನು ತೆಗೆಯಿತು, ಒಂದು ಉಳಿಯಿತು. ಕಟ್ಟಿನ ಪಕ್ಕದಲ್ಲಿ ಒಂದು ಫ್ರೇಮ್ ಸೆಕೆಂಡಿನ 24ನೇ ಒಂದು ಭಾಗದಷ್ಟು ಜಾಸ್ತಿ ನಿಂತಿತು. ನನ್ನನ್ನು ಕೇಳಿದರೆ ಇದನ್ನು ಹಾಗೇ ಬಿಡಿ. ಚಿತ್ರ ಬದಲಾಗುವ ಕ್ಷಣದಲ್ಲಿ ಕಣ್ಣು ಅದನ್ನು ಹಿಡಿಯಲ್ಲ, ಧ್ವನಿಯ ಲೆಕ್ಕವೂ ಸರಿಯಾಗಿ ಉಳಿಯುತ್ತದೆ.

ಇದರ ಉಲ್ಟಾ ಕೇಸು ಕೆಟ್ಟದ್ದು. 1210ರಿಂದ 1214ರ ಗುಂಪು. ಹಳೆಯ ಶಾಟಿನ ಕೊನೆಯ ರಿಪೀಟು 1209ರಲ್ಲೇ ಬಂದು ಹೋಗಿದೆ, ಮುಂದಿನದು 1214ರಲ್ಲಿ ಬರಬೇಕಿತ್ತು. ಅಷ್ಟರಲ್ಲಿ 1212ರಲ್ಲಿ ಕಟ್. ಹೊಸ ಶಾಟಿನ ಮೊದಲ ರಿಪೀಟು 1215ರಲ್ಲಿ. ಅಂದರೆ ಈ ಗುಂಪಿನಲ್ಲಿ ರಿಪೀಟೇ ಇಲ್ಲ, ಐದೂ ಬೇಕಾದ ಫ್ರೇಮುಗಳು. ಫಿಲ್ಟರ್ ಆದರೂ ಒಂದನ್ನು ತೆಗೆಯಲೇಬೇಕು, ಎರಡರ ನಡುವೆ ವ್ಯತ್ಯಾಸ ಕಡಿಮೆ ಕಂಡದ್ದನ್ನು ತೆಗೆಯುತ್ತದೆ. ಅದು 1213 ಅಥವಾ 1214 ಆದರೆ, ಹೊಸ ಶಾಟಿನಲ್ಲಿ ನಡೆಯುತ್ತಿರುವ ಮನುಷ್ಯ ಎರಡನೇ ಮೂರನೇ ಫ್ರೇಮಿನಲ್ಲೇ ಒಂದು ಸಣ್ಣ ಹಾರು ಹಾರುತ್ತಾನೆ. ಇದು ಕಣ್ಣಿಗೆ ಚುಚ್ಚುತ್ತದೆ. ಇಲ್ಲಿ ನೀವೇ ಹೇಳಬೇಕು: 1212ನ್ನು ತೆಗಿ ಅಂತ. ಶಾಟಿನ ಮೊದಲ ಫ್ರೇಮ್ ಹೋದರೆ ಕಟ್ ಒಂದು ಫ್ರೇಮ್ ಆಚೀಚೆ ಆಯಿತು ಅಷ್ಟೇ, ಚಲನೆ ಮುರಿಯುವುದಿಲ್ಲ.

ಅದೇ ಜಾಗದಲ್ಲಿ ಇನ್ನೊಂದು ಜಾತಿಯ ಫ್ರೇಮೂ ಸಿಗುತ್ತದೆ, ಜೋಡಿ ಇಲ್ಲದ್ದು. ಹೊಸ ಶಾಟು ನಮ್ಮ ಪಟ್ಟಿಯ ನಾಲ್ಕನೆಯ ಸ್ಥಾನದಿಂದ ಶುರುವಾಯಿತು ಅಂದುಕೊಳ್ಳಿ, ಮೇಲೆ ಗ, ಕೆಳಗೆ ಘ. ಗ-ದ ಕೆಳಗಿನ ಫೀಲ್ಡ್ ಹಿಂದಿನ ಫ್ರೇಮಿನಲ್ಲಿ ಇರಬೇಕಿತ್ತು, ಅದನ್ನು ಎಡಿಟಿಂಗ್ ಟೇಬಲ್ಲಿನಲ್ಲೇ ಕತ್ತರಿಸಿ ಬಿಟ್ಟಿದ್ದಾರೆ. ಆ ಗ ಇನ್ನು ಎಂದಿಗೂ ಪೂರ್ತಿಯಾಗುವುದಿಲ್ಲ. ಫಿಲ್ಟರ್ ಅದಕ್ಕೆ `_Combed` ಅಂತ ಗುರುತು ಹಾಕುತ್ತದೆ. ಜನ ಇಂಥ ಫ್ರೇಮಿಗೆ ಡಿಇಂಟರ್‌ಲೇಸ್ ಮಾಡುತ್ತಾರೆ. ನಾನು ಅದಕ್ಕಿಂತ ಮೊದಲು, ಈ ಗುಂಪಿನಲ್ಲಿ ಹೇಗೂ ಒಂದನ್ನು ತೆಗೆಯಬೇಕಲ್ಲ, ಇದನ್ನೇ ತೆಗೆಯೋಕೆ ಆಗುತ್ತಾ ಅಂತ ನೋಡುತ್ತೇನೆ. ಗುಂಪಿನಲ್ಲಿ ಬೇರೆ ರಿಪೀಟು ಇಲ್ಲದಿದ್ದರೆ ಸಮಸ್ಯೆಯೇ ಮುಗಿಯಿತು. ಬೇರೆ ರಿಪೀಟು ಇದ್ದರೆ ಅದನ್ನು ತೆಗೆದು, ಜೋಡಿ ಇಲ್ಲದ್ದರ ಜಾಗದಲ್ಲಿ ಪಕ್ಕದ ಘ-ವನ್ನು ಕೂರಿಸುತ್ತೇನೆ. ಶಾಟಿನ ಮೊದಲ ಫ್ರೇಮ್ ಎರಡು ಸಲ ಬಂದ ಹಾಗೆ ಆಗುತ್ತದೆ, ಮಸುಕಾದ ಅರ್ಧ ಫ್ರೇಮಿಗಿಂತ ಅದು ವಾಸಿ.

ಒಂದು ಕಂತಿನಲ್ಲಿ ನೂರಾರು ಕಟ್ ಇದ್ದರೆ ಇದನ್ನೆಲ್ಲ ಸ್ಕ್ರಿಪ್ಟಿನಲ್ಲಿ ಕೈಯಿಂದ ಬರೆಯುವುದು ಕಷ್ಟ. Wobbly ಅನ್ನುವ ಉಚಿತ ತಂತ್ರಾಂಶ ಇರುವುದು ಇದೇ ಕೆಲಸಕ್ಕೆ. ಪ್ರತಿ ಫ್ರೇಮಿನ ಗುರುತನ್ನು ಪರದೆಯ ಮೇಲೆ ತೋರಿಸುತ್ತದೆ, ಒಂದು ಶಾಟಿಗೆ ಇದೇ ತಾಳ ಅಂತ ನೀವು ಹೇಳಿದರೆ ಆ ಶಾಟಿಗೆಲ್ಲ ಹಚ್ಚುತ್ತದೆ. ಶಾಟಿನ ಮಧ್ಯೆ ಎಲ್ಲೋ ಕತ್ತಲೆಯ ಎರಡು ಫ್ರೇಮುಗಳಲ್ಲಿ ಫಿಲ್ಟರ್ ತಪ್ಪು ಜೋಡಿ ಆರಿಸಿದ್ದರೆ ಅದೂ ಇದರಿಂದ ಸರಿಹೋಗುತ್ತದೆ, ಯಾಕೆಂದರೆ ಒಂದು ಶಾಟಿನ ಒಳಗೆ ತಾಳ ಬದಲಾಗಲು ಕಾರಣವೇ ಇಲ್ಲ.

ಹಾಗಾದರೆ ಕಟ್ ಇಲ್ಲದೆ ಶಾಟಿನ ನಡುವೆಯೇ ತಾಳ ತಪ್ಪಿದರೆ? ಅಂದರೆ ccppc, ccppc ಅಂತ ಹೋಗುತ್ತಿದ್ದದ್ದು ಇದ್ದಕ್ಕಿದ್ದಂತೆ ಒಂದು ಅಕ್ಷರ ನುಂಗಿ ಮುಂದುವರಿದರೆ? ಮೊದಲು ನಿಮ್ಮ ಕ್ಯಾಪ್ಚರನ್ನು ಅನುಮಾನಿಸಿ. ಕ್ಯಾಪ್ಚರ್ ಮಾಡುವಾಗ ಒಂದು ಫ್ರೇಮ್ ಬಿದ್ದುಹೋಗಿರುವ ಸಾಧ್ಯತೆ ಜಾಸ್ತಿ. ಕ್ಯಾಪ್ಚರ್ ಸಾಫ್ಟ್‌ವೇರ್ ಸೊನ್ನೆ ಅಂತ ತೋರಿಸಿದರೂ ತಾಳ ಸುಳ್ಳು ಹೇಳುವುದಿಲ್ಲ. ಹಾಗೆ ಒಂದೆರಡು ಕಡೆ ಆದರೆ ಅಲ್ಲಿಂದ ಹೊಸ ಶಾಟು ಅಂತ ಗುರುತು ಹಾಕಿ ಮುಂದುವರಿಯಬಹುದು. ಕೆಲವು ನಿಮಿಷಕ್ಕೊಮ್ಮೆ ಆಗುತ್ತಿದ್ದರೆ ಟೇಪನ್ನು ಮತ್ತೆ ಹಾಕಿ.

ಅದೇ ರೀತಿ ಇನ್ನೊಂದು ಮೋಸ. ಜೋಡಿ ಸರಿಯಾಗಿಯೇ ಇದೆ, ಆದರೂ ಹಲ್ಲು ಕಾಣುತ್ತದೆ. ಹಾಗಾದರೆ ಅಲುಗದ ವಸ್ತುವನ್ನು ನೋಡಿ. ನಿಂತ ಬಾಗಿಲಿನ ನೇರ ಅಂಚಿನಲ್ಲೂ ಸಾಲುಗಳು ಆಚೀಚೆ ಸರಿದಿದ್ದರೆ ಅದು ಜೋಡಿಯ ತಪ್ಪಲ್ಲ. ವಿಸಿಆರ್‌ನಿಂದ ಸಾಲುಗಳು ಬರುವ ಸಮಯ ಅಲುಗಾಡುತ್ತದೆ, ಪ್ರತಿ ಸಾಲೂ ಸ್ವಲ್ಪ ಎಡಕ್ಕೋ ಬಲಕ್ಕೋ ಕೂರುತ್ತದೆ. ಫಿಲ್ಟರಿಗೆ ಅದೂ ಹಲ್ಲಿನಂತೆಯೇ ಕಾಣುತ್ತದೆ, ಒಳ್ಳೆಯ ಫ್ರೇಮುಗಳಿಗೂ `_Combed` ಮುದ್ರೆ ಒತ್ತುತ್ತದೆ. ಇದಕ್ಕೆ ಮದ್ದು ಸ್ಕ್ರಿಪ್ಟಿನಲ್ಲಿಲ್ಲ, ಕ್ಯಾಪ್ಚರ್ ಮಾಡುವಾಗ ನಡುವೆ ಟೈಮ್ ಬೇಸ್ ಕರೆಕ್ಟರ್ ಇರಬೇಕು. ವಿಎಚ್‌ಎಸ್ ಚಿತ್ರದ ತೀರಾ ಕೆಳಗಿನ ಕೆಲವು ಸಾಲುಗಳಲ್ಲಿ ಹೆಡ್ ಬದಲಾಗುವ ಗಲಾಟೆ ಇದ್ದೇ ಇರುತ್ತದೆ, ಅದು ಕೂಡ ಲೆಕ್ಕ ಕೆಡಿಸುತ್ತದೆ. `soft` ಪ್ರತಿಯಲ್ಲಿ ಆ ಸಾಲುಗಳನ್ನು ಕಪ್ಪು ಮಾಡಿ, ಮೂಲದಲ್ಲಿ ಮುಟ್ಟಬೇಡಿ.

ಕೊನೆಯಲ್ಲಿ ಹೆಸರುಗಳು ಓಡುವ ಭಾಗಕ್ಕೆ ಬಂದಾಗ ನಿಲ್ಲಿಸಿ. ಹಿಂದೆ ಫಿಲ್ಮಿನ ಚಿತ್ರ, ಮೇಲೆ ವಿಡಿಯೋದಲ್ಲಿ ಹಾಕಿದ ಅಕ್ಷರಗಳು ಇರಬಹುದು. ಫೀಲ್ಡುಗಳನ್ನು ಬಿಡಿಸಿ ನೋಡಿದರೆ ಚಿತ್ರ ಎರಡು-ಮೂರು ತಾಳದಲ್ಲಿ, ಅಕ್ಷರಗಳು ಪ್ರತಿ ಫೀಲ್ಡಿಗೂ ಏರುತ್ತಿರುತ್ತವೆ. ಎರಡನ್ನೂ ಒಟ್ಟಿಗೆ ಸರಿ ಮಾಡುವ ಜೋಡಿಯೇ ಇಲ್ಲ. ಚಿತ್ರಕ್ಕೆ ಜೋಡಿಸಿದರೆ ಅಕ್ಷರಕ್ಕೆ ಹಲ್ಲು ಬರುತ್ತದೆ. ಇಲ್ಲಿ ಮಾತ್ರ ನಾನು ಡಿಇಂಟರ್‌ಲೇಸ್ ಮಾಡುತ್ತೇನೆ, ಅದೂ ಪ್ರತಿ ಫೀಲ್ಡನ್ನೂ ಒಂದು ಫ್ರೇಮ್ ಮಾಡಿ 59.94ರಲ್ಲಿ, ಬೇರೆ ಫೈಲಾಗಿ. ಮುಖ್ಯ ಭಾಗ 23.976ರಲ್ಲಿ ಇರುತ್ತದೆ. ಎಂಕೆವಿಯಲ್ಲಿ ಎರಡನ್ನೂ ಅವುಗಳದೇ ವೇಗದಲ್ಲಿ ಒಟ್ಟಿಗೆ ಇಡಬಹುದು. ಅದೇ ಕಾಲದ ಧಾರಾವಾಹಿಗಳಲ್ಲಿ ಕಂಪ್ಯೂಟರ್ ಎಫೆಕ್ಟಿನ ಶಾಟುಗಳೂ ಕೆಲವೊಮ್ಮೆ ವಿಡಿಯೋ ವೇಗದಲ್ಲೇ ಇರುತ್ತವೆ, ಅವನ್ನೂ ಹೀಗೇ ಬೇರೆ ಮಾಡಿ.

ಧ್ವನಿಯನ್ನು ಮುಟ್ಟಬೇಡಿ. ಐದು ಫ್ರೇಮ್ 29.97ರಲ್ಲಿ ತೆಗೆದುಕೊಳ್ಳುವ ಸಮಯವೂ ನಾಲ್ಕು ಫ್ರೇಮ್ 23.976ರಲ್ಲಿ ತೆಗೆದುಕೊಳ್ಳುವ ಸಮಯವೂ ಒಂದೇ. ವೇಗವನ್ನು 24000/1001 ಅಂತಲೇ ಕೊಡಿ. ಸುಮ್ನೆ 24 ಅಂತ ಬರೆದರೆ ಒಂದು ಗಂಟೆಗೆ ಧ್ವನಿಗೂ ಚಿತ್ರಕ್ಕೂ ಸುಮಾರು 3.6 ಸೆಕೆಂಡ್ ಅಂತರ ಬೀಳುತ್ತದೆ. ಕೈಯಿಂದ ಫ್ರೇಮ್ ಜಾಸ್ತಿ ತೆಗೆದದ್ದು ಅಥವಾ ಉಳಿಸಿದ್ದು ಇದ್ದರೆ ಒಂದಕ್ಕೆ ಸುಮಾರು 42 ಮಿಲಿಸೆಕೆಂಡ್ ಅಂತ ಬರೆದಿಡಿ, ಒಟ್ಟು ಲೆಕ್ಕ ಒಂದು ಫ್ರೇಮಿಗಿಂತ ಆಚೀಚೆ ಹೋಗದ ಹಾಗೆ ಮುಂದಿನ ಕಟ್ಟಿನಲ್ಲಿ ಸರಿದೂಗಿಸಿ.

ಇಷ್ಟಾದ ಮೇಲೆ ಬಂದ ಫೈಲನ್ನು ಎಫ್‌ಎಫ್‌ವಿ1 ತರಹದ ನಷ್ಟವಿಲ್ಲದ ರೂಪದಲ್ಲಿ ಉಳಿಸಿ. ಆಮೇಲೆ ಮೊದಲು ನೋಡಿದ ಆ ಕಂಬದ ಶಾಟಿಗೆ ಹೋಗಿ ಒಂದೊಂದೇ ಫ್ರೇಮ್ ಒತ್ತಿ. ಪ್ರತಿ ಒತ್ತಿಗೂ ಕಂಬ ಸಮನಾಗಿ ಸರಿಯಬೇಕು, ಎಲ್ಲೂ ನಿಲ್ಲಬಾರದು, ಎಲ್ಲೂ ಎರಡರಷ್ಟು ಹಾರಬಾರದು, ಅಂಚಿನಲ್ಲಿ ಹಲ್ಲು ಇರಬಾರದು. ಬೇರೆ ಬೇರೆ ಕಡೆಯ ಹತ್ತು ಹನ್ನೆರಡು ಶಾಟುಗಳಲ್ಲಿ, ಪ್ರತಿಯೊಂದರ ಮೊದಲ ಐದು ಮತ್ತು ಕೊನೆಯ ಐದು ಫ್ರೇಮುಗಳಲ್ಲಿ ಇದನ್ನೇ ಮಾಡಿ. ಅಲ್ಲಿ ಸರಿ ಇದ್ದರೆ ಆ ಫೈಲಿನ ಮೇಲೆ ಗ್ರೇನ್ ಮತ್ತು ಬಣ್ಣದ ಕೆಲಸ ಶುರು ಮಾಡಿ. ಮೂಲ ಕ್ಯಾಪ್ಚರನ್ನು ಮಾತ್ರ ಅಳಿಸಬೇಡಿ, ಯಾವುದಾದರೂ ಒಂದು ಕಟ್ಟಿಗೆ ಮತ್ತೆ ಹೋಗಬೇಕಾಗಿ ಬಂದೇ ಬರುತ್ತದೆ.